ಸೀರೆ ಮತ್ತೆ ಕಳಿಸುವುದೋ, ರೊಕ್ಕ ತಿರುಗಿ ಕೊಡುವುದೋ?

ಮಾರ್ಚ್ 9ರ ಬೆಳಿಗ್ಗೆ ವೈನಿಯ ಫೋನಿಗೆ ಪುಣೆಯಿಂದ ಒಂದು ವಾಟ್ಸಾಪ್ ಧ್ವನಿ ಸಂದೇಶ ಬಂತು. "ಅಕ್ಕಾರ, ಸೀರಿ ಇನ್ನೂ ಬಂದಿಲ್ರಿ. ಹದಿನಾಲ್ಕಕ್ಕ ಮಗಳ ಕುಬಸ ಐತಿ. ಕಣಾ ಹೊಲಿಸಬೇಕು, ಟೇಲರ್ ದಿನಾ ಕೇಳಾಕತ್ತಾಳ." ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ವೈನಿ ಅದನ್ನು ಎರಡು ಸಲ ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟಳು.

ಹುಬ್ಬಳ್ಳಿ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ. ನಮ್ಮ ವೈನಿ ಆರು ವರ್ಷದಿಂದ ಮನೆಯಲ್ಲೇ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಕಣ ಮಾರುತ್ತಾಳೆ. ನೇಕಾರರಿಂದ ತಂದು, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತಾಳೆ. ಗಿರಾಕಿಗಳು ಮುಂಗಡವಾಗಿ ದುಡ್ಡು ಹಾಕುತ್ತಾರೆ. ಇವಳು ಕೊರಿಯರ್‌ಗೆ ಕೊಡುತ್ತಾಳೆ. ಲೆಕ್ಕ ಬರೆಯುವ ಕೆಲಸ ನನ್ನದು. ಹೀಗಾಗಿ ಪಾರ್ಸೆಲ್ ಕಳೆದಾಗಲೆಲ್ಲ ನಮ್ಮಿಬ್ಬರ ಮುಂದೆ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಇನ್ನೊಂದು ಸೀರೆ ಕಳಿಸಬೇಕೋ, ರೊಕ್ಕ ತಿರುಗಿ ಕೊಡಬೇಕೋ? ಮನೆಯಿಂದ ವ್ಯಾಪಾರ ಮಾಡುವವರು ಈಗ ಊರೂರಲ್ಲಿದ್ದಾರೆ. ಚಟ್ನಿಪುಡಿ, ಕಸೂತಿ ಬಟ್ಟೆ, ಗೊಂಬೆ, ಗಿಡದ ಬೀಜ, ಏನು ಮಾರಿದರೂ ಎಂದಾದರೊಂದು ದಿನ ಈ ಪ್ರಶ್ನೆ ಅವರ ಬಾಗಿಲಿಗೂ ಬರುತ್ತದೆ. ಕೊಳ್ಳುವವರಿಗೂ ಇದು ಗೊತ್ತಿದ್ದರೆ ಒಳ್ಳೆಯದು, ಏನು ಕೇಳಬಹುದು ಎಂಬುದು ತಿಳಿಯುತ್ತದೆ.

ಆ ಸೀರೆಯ ವಿಷಯ ಮೊದಲು ಹೇಳುತ್ತೇನೆ. ಹಸಿರು ಮೈ, ಗೋಮಿ ದಡಿ, ಕೆಂಪು ರೇಷ್ಮೆಯ ಟೋಪ ತೆನಿ ಸೆರಗು. ಇಳಕಲ್ಲಿನಲ್ಲಿ ಮೈಯ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ; ಆ ಸೇರಿಕೆಯೇ ಸೀರೆಯ ಗುರುತು. ಕುಬಸಕ್ಕೆ ನಮ್ಮ ಕಡೆ ಹಸಿರೇ ಬೇಕು. ಸೀರೆ ಮತ್ತು ಕಣ ಎರಡೂ ಸೇರಿ ವೈನಿಗೆ ಬಿದ್ದದ್ದು 2,450 ರೂಪಾಯಿ. ಡಬ್ಬಿ, ಕವರು, ಟೇಪಿಗೆ 30. ಕೊರಿಯರ್‌ಗೆ 120. ಒಟ್ಟು 2,600. ಮಾರಿದ್ದು 3,400ಕ್ಕೆ, ಕಳಿಸುವ ಖರ್ಚು ಅದರಲ್ಲೇ ಸೇರಿತ್ತು. ಅಂದರೆ ಎಲ್ಲ ಸರಿಹೋದರೆ ಅವಳಿಗೆ ಉಳಿಯುವುದು 800.

3ನೇ ತಾರೀಖು ದುಡ್ಡು ಬಂತು. 4ಕ್ಕೆ ಪಾರ್ಸೆಲ್ ಕೊಟ್ಟಳು. "8ರೊಳಗ ಬರ್ತದ" ಎಂದು ಗಿರಾಕಿಗೆ ಬರೆದು ತಿಳಿಸಿದಳು. ಕೊರಿಯರಿನ ಟ್ರ್ಯಾಕಿಂಗ್ ಪುಟದಲ್ಲಿ 4ರ ಸಂಜೆ ಹುಬ್ಬಳ್ಳಿ ಬಿಟ್ಟದ್ದು, 6ರ ಬೆಳಗಿನ ಜಾವ ಪುಣೆಯ ಹಬ್ ತಲುಪಿದ್ದು ಕಾಣಿಸುತ್ತಿತ್ತು. ಆಮೇಲೆ ಏನೂ ಇಲ್ಲ. 7ಕ್ಕೆ ಇಲ್ಲ, 8ಕ್ಕೆ ಇಲ್ಲ. 9ಕ್ಕೆ ಆ ಸಂದೇಶ.

ಇಂಥ ಹೊತ್ತಿನಲ್ಲಿ ಮಾರುವವರು ಮೊದಲು ಮಾಡುವ ಕೆಲಸ ಕೊರಿಯರ್ ಆಫೀಸಿಗೆ ಫೋನ್ ಹಚ್ಚುವುದು. ನಾವೂ ಹಚ್ಚಿದೆವು. "ಇನ್ ಟ್ರಾನ್ಸಿಟ್ ಐತ್ರಿ, 48 ತಾಸು ನೋಡ್ರಿ" ಎಂದರು. ಈ 48 ತಾಸು ಎಂಬುದು ಬಹಳ ಅಪಾಯದ ಮಾತು ಎಂದು ನನಗೆ ಅನಿಸುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಕಂಪ್ಯೂಟರಿನಲ್ಲಿ ನಮಗೆ ಕಾಣುವುದಕ್ಕಿಂತ ಹೆಚ್ಚೇನೂ ಕಾಣುವುದಿಲ್ಲ. ಆದರೆ 48 ತಾಸು ಮುಗಿದ ಮೇಲೆ ಇನ್ನೊಂದು 48 ತಾಸು ಕೇಳುತ್ತಾರೆ. ಅಷ್ಟರಲ್ಲಿ ಗಿರಾಕಿಯ ಕಾರ್ಯ ಮುಗಿದಿರುತ್ತದೆ.

ಫೋನಿಗಿಂತ ಹೆಚ್ಚು ಮಾಹಿತಿ ಕೊಡುವುದು ಕೊನೆಯ ಸ್ಕ್ಯಾನ್. ಪಾರ್ಸೆಲ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲೆಲ್ಲ ಅದರ ಬಾರ್‌ಕೋಡ್ ಓದುತ್ತಾರೆ. ಎಲ್ಲಿ ಓದುವುದು ನಿಂತಿತೋ, ತೊಂದರೆ ಅಲ್ಲೇ ಎಲ್ಲೋ ಇದೆ. ಬುಕ್ ಆದ ಮೇಲೆ ಒಂದೂ ಸ್ಕ್ಯಾನ್ ಇಲ್ಲದಿದ್ದರೆ ಪಾರ್ಸೆಲ್ ಇನ್ನೂ ನಿಮ್ಮೂರಿನ ಕೌಂಟರಿನಲ್ಲೇ, ಯಾವುದೋ ಚೀಲದ ತಳದಲ್ಲಿ ಕೂತಿರುವ ಸಾಧ್ಯತೆ ಹೆಚ್ಚು. ಎದ್ದು ಹೋಗಿ ಕೇಳಿದರೆ ಸಿಕ್ಕರೂ ಸಿಕ್ಕೀತು. ಒಂದು ಹಬ್ ಬಿಟ್ಟಿದೆ, ಮುಂದಿನ ಹಬ್ ಸೇರಿಲ್ಲ ಎಂದಿದ್ದರೆ ಇಡೀ ಚೀಲವೇ ಬೇರೆ ಊರಿಗೆ ಹೋಗಿರಬಹುದು. ಅಂಥವು ತಡವಾದರೂ ಸಾಮಾನ್ಯವಾಗಿ ಬರುತ್ತವೆ. ಆದರೆ ತಲುಪಬೇಕಾದ ಊರಿನ ಹಬ್ಬಿಗೆ ಬಂದು, ಅಲ್ಲಿಂದ ಡೆಲಿವರಿಗೆ ಹೊರಡದೆ ದಿನಗಟ್ಟಲೆ ಸುಮ್ಮನಿದ್ದರೆ, ಅದಕ್ಕೆ ಕಾರಣ ಮಿಕ್ಕಂತೆ ಎರಡೇ: ಒಂದೋ ಮೇಲಿನ ಲೇಬಲ್ ಹರಿದು ಯಾರ ಪಾರ್ಸೆಲ್ ಎಂದು ತಿಳಿಯುತ್ತಿಲ್ಲ, ಇಲ್ಲವೋ ಯಾರದೋ ಕೈಗೆ ಹೋಗಿದೆ. ನಮ್ಮದು ಈ ಮೂರನೆಯ ಥರದ್ದು. 6ರಿಂದ 9ರವರೆಗೆ, ಮೂರು ದಿನ, ಪುಣೆಯೊಳಗೇ ಮೌನ.

"ಡೆಲಿವರ್ಡ್" ಎಂದು ತೋರಿಸುತ್ತಿದ್ದು ಗಿರಾಕಿ ಬಂದಿಲ್ಲ ಎನ್ನುವುದು ಬೇರೆಯೇ ವಿಷಯ. ಅದು ದಾರಿಯಲ್ಲಿ ಕಳೆದದ್ದಲ್ಲ. ಅಲ್ಲಿ ತಕ್ಷಣ ಸೀರೆಯೂ ಕಳಿಸಬಾರದು, ರೊಕ್ಕವೂ ಕೊಡಬಾರದು. ಯಾರು ಸಹಿ ಮಾಡಿದರು, ಫೋಟೋ ಇದೆಯೇ, ಓಟಿಪಿ ಯಾರ ಫೋನಿಗೆ ಹೋಗಿತ್ತು ಎಂದು ಕೊರಿಯರಿನವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕು. ಅನೇಕ ಸಲ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಣೆಯಲ್ಲೋ ಎದುರುಮನೆಯ ಅಜ್ಜಿಯ ಹತ್ತಿರವೋ ಸಿಗುತ್ತದೆ.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. ವೈನಿಯ ಮೊದಲ ಮಾತು ಎಲ್ಲ ಸಣ್ಣ ವ್ಯಾಪಾರಿಗಳೂ ಆಡುವ ಮಾತೇ. "ಇನ್ನೊಂದು ಸೀರಿ ಕಳಿಸಿದ್ರ ಎರಡು ಸೀರಿ ಹೋದಂಗ ಆತಲ್ಲೋ. ರೊಕ್ಕ ಕೊಟ್ಟು ಕೈ ತೊಳಕೊಳ್ಳೋದು ಚಲೋ." ಕೇಳಲಿಕ್ಕೆ ಸರಿ ಅನಿಸುತ್ತದೆ. ಹಾಳೆಯ ಮೇಲೆ ಬರೆದರೆ ತಪ್ಪು ಎಂದು ಕಾಣುತ್ತದೆ.

ರೊಕ್ಕ ತಿರುಗಿ ಕೊಟ್ಟರೆ ಬಂದ 3,400 ಹೋಯಿತು. ಕೈಯಲ್ಲಿ ಉಳಿದ ಆದಾಯ ಸೊನ್ನೆ. ಮೊದಲ ಪಾರ್ಸೆಲ್ಲಿಗೆ ಹಾಕಿದ 2,600 ಸಂಪೂರ್ಣ ನಷ್ಟ. ಇನ್ನೊಂದು ಸೀರೆ ಕಳಿಸಿದರೆ 3,400 ನಮ್ಮ ಹತ್ತಿರವೇ ಇರುತ್ತದೆ. ಖರ್ಚು ಮೊದಲನೆಯದಕ್ಕೆ 2,600. ಎರಡನೆಯದನ್ನು ಬಸ್ಸಿಗೆ ಹಾಕಿದರೆ ಕಳಿಸಲು 150, ಹೀಗಾಗಿ ಅದಕ್ಕೆ 2,630. ಎರಡೂ ಕೂಡಿ 5,230. ಅದರಲ್ಲಿ 3,400 ಕಳೆದರೆ ನಷ್ಟ 1,830. ರೊಕ್ಕ ಕೊಟ್ಟರೆ 2,600, ಸೀರೆ ಕಳಿಸಿದರೆ 1,830. ಮತ್ತೆ ಕಳಿಸುವುದೇ 770 ರೂಪಾಯಿ ಅಗ್ಗ.

ಇದು ಹೇಗೆ ಎಂದರೆ, ಮೊದಲ ಸೀರೆ ಎರಡೂ ದಾರಿಯಲ್ಲಿ ಹೋದದ್ದೇ. ಅದನ್ನು ಲೆಕ್ಕದಿಂದ ತೆಗೆದು ಪಕ್ಕಕ್ಕಿಟ್ಟು ನೋಡಿದರೆ ಉಳಿಯುವ ಪ್ರಶ್ನೆ ಒಂದೇ: 2,630 ರೂಪಾಯಿ ಖರ್ಚಿನ ಸೀರೆಯನ್ನು 3,400ಕ್ಕೆ ಮಾರುವ ಅವಕಾಶ ಇದೆ, ಮಾರಬೇಕೋ ಬೇಡವೋ? ಯಾವ ವ್ಯಾಪಾರಿಯೂ ಬೇಡ ಎನ್ನುವುದಿಲ್ಲ. ಗಿರಾಕಿ ಆಗಲೇ ದುಡ್ಡು ಕೊಟ್ಟು ಕಾಯುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ. ಎರಡು ಸೀರೆ ಹೋದವು ಎಂಬ ಸಂಕಟ ಮನಸ್ಸಿಗೆ ನಿಜ, ಆದರೆ ಹೋದದ್ದು ಒಂದೇ, ಎರಡನೆಯದು ಮಾರಾಟವಾದದ್ದು.

ಆದರೆ ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಅದನ್ನು ನಾನು ಕಲಿತದ್ದು ವೈಶಾಖದ ಮದುವೆ ಸೀಸನ್ನಿನಲ್ಲಿ. ಆಗ ಕಪಾಟಿನಲ್ಲಿ ಹಸಿರು ಸೀರೆ ಒಂದೇ ಉಳಿದಿರುತ್ತದೆ, ಅದನ್ನು ಕೇಳುವವರು ನಾಲ್ಕು ಮಂದಿ ಇರುತ್ತಾರೆ, ನೇಕಾರರ ಮಗ್ಗದಲ್ಲಿ ಮುಂದಿನದು ಇಳಿಯಲಿಕ್ಕೆ ಇನ್ನೂ ದಿನಗಳಿರುತ್ತವೆ. ಆಗ ಪಾರ್ಸೆಲ್ ಕಳೆದವರಿಗೆ ಆ ಕೊನೆಯ ಸೀರೆ ಕಳಿಸಿದರೂ, ಅವರಿಗೆ ರೊಕ್ಕ ಕೊಟ್ಟು ಸೀರೆಯನ್ನು ಇನ್ನೊಬ್ಬರಿಗೆ ಮಾರಿದರೂ ನಷ್ಟ ಹೆಚ್ಚುಕಡಿಮೆ ಅಷ್ಟೇ. ಸೀರೆ ಹೇಗೂ ಮಾರಾಟವಾಗುತ್ತಿತ್ತು. ಅಂಥ ದಿನಗಳಲ್ಲಿ ಹಣ ನಮಗೆ ದಾರಿ ತೋರಿಸುವುದಿಲ್ಲ. ಆಗ ನೋಡಬೇಕಾದ್ದು ಯಾರಿಗೆ ಅದು ಹೆಚ್ಚು ಬೇಕು ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಮೊದಲು ದುಡ್ಡು ಕೊಟ್ಟು ಕಾದವರಿಗೆ ಮೊದಲ ಹಕ್ಕು. ವೈನಿಯೂ ಹಾಗೇ ನಡೆದುಕೊಳ್ಳುತ್ತಾಳೆ.

ಲೆಕ್ಕದಷ್ಟೇ ಮುಖ್ಯವಾದದ್ದು ತಾರೀಖು. 9ರ ಮಧ್ಯಾಹ್ನ ನಾವಿಬ್ಬರೂ ಕೂತು ಹಿಂದಿನಿಂದ ಎಣಿಸಿದೆವು. ಕುಬಸ 14ಕ್ಕೆ. ಕಣ ಹೊಲಿಯಲು ಟೇಲರ್‌ಗೆ ಕಡಿಮೆಯೆಂದರೂ ಒಂದು ದಿನ ಬೇಕು, ಅದು 13. ಸೀರೆ 12ರ ಸಂಜೆಯೊಳಗೆ ಆ ಮನೆಯಲ್ಲಿರಬೇಕು. ಹುಬ್ಬಳ್ಳಿಯಿಂದ ಪುಣೆಗೆ ರಾತ್ರಿ ಬಸ್ಸು ಒಂದು ರಾತ್ರಿಯ ದಾರಿ. ಅಂದರೆ 11ರ ರಾತ್ರಿಯ ಬಸ್ಸು ಕೊನೆಯ ಬಸ್ಸು. ಅದು ತಪ್ಪಿದರೆ ಇನ್ನೊಂದು ಸೀರೆ ಕಳಿಸುವುದು ನಿರರ್ಥಕ, ರೊಕ್ಕ ಕೊಡುವುದೊಂದೇ ಉಳಿಯುತ್ತದೆ. ಕೊರಿಯರಿನವರು ಹೇಳಿದ 48 ತಾಸು ಮುಗಿಯುವುದೂ 11ರ ಮಧ್ಯಾಹ್ನಕ್ಕೆ. ಅಲ್ಲಿವರೆಗೆ ಕಾದು, ಆಮೇಲೆ ಗಿರಾಕಿಯನ್ನು ಕೇಳಿ, ಅವರು ಮನೆಯಲ್ಲಿ ಮಾತಾಡಿ, ಒಪ್ಪಿ, ಪ್ಯಾಕ್ ಮಾಡಿ, ಬಸ್ ಸ್ಟ್ಯಾಂಡಿಗೆ ಓಡುವುದೆಂದರೆ ಜೂಜು. ಅದಕ್ಕೇ 10ರ ಬೆಳಿಗ್ಗೆಯವರೆಗೆ ಹೊಸ ಸ್ಕ್ಯಾನ್ ಬರದಿದ್ದರೆ ಕಳೆದಿದೆ ಎಂದೇ ತಿಳಿಯುವುದು ಎಂದು ತೀರ್ಮಾನಿಸಿದೆವು.

ಕಾರ್ಯದ ತಾರೀಖು ಇಲ್ಲದ ಸಾದಾ ಪಾರ್ಸೆಲ್ಲಿಗೆ ಈಗ ನಮ್ಮ ಮನೆಯ ನಿಯಮ ಹೀಗಿದೆ: ಗಿರಾಕಿಗೆ ಹೇಳಿದ ದಿನ ದಾಟಿರಬೇಕು, ಜೊತೆಗೆ ಕೊನೆಯ ಸ್ಕ್ಯಾನ್ ಆಗಿ ಮೂರು ದಿನ ಕಳೆದಿರಬೇಕು. ಎರಡೂ ಆದ ದಿನ ನಾವೇ ಫೋನ್ ಮಾಡುತ್ತೇವೆ, ಗಿರಾಕಿ ಕೇಳುವವರೆಗೆ ಕಾಯುವುದಿಲ್ಲ. ಇದು ನಮ್ಮ ಕಡೆಯ ದಾರಿಗಳಿಗೆ ಹೊಂದುವ ಲೆಕ್ಕ. ಈಶಾನ್ಯದ ಗುಡ್ಡಗಾಡಿಗೋ ಹೊರದೇಶಕ್ಕೋ ಕಳಿಸುವವರು ಮೂರು ದಿನವೆಂದು ಹಟ ಹಿಡಿಯಬಾರದು. ಹೊರದೇಶದ ಪಾರ್ಸೆಲ್ ಕಸ್ಟಮ್ಸಿನಲ್ಲೇ ವಾರಗಟ್ಟಲೆ ಕೂರುವುದುಂಟು, ಆಗ ಸ್ಕ್ಯಾನೂ ಇರುವುದಿಲ್ಲ.

10ರ ಬೆಳಿಗ್ಗೆ ಟ್ರ್ಯಾಕಿಂಗ್ ಪುಟ ಹಾಗೇ ಇತ್ತು. ವೈನಿ ಪುಣೆಗೆ ಫೋನ್ ಮಾಡಿದಳು. ಅವಳು ಆಡಿದ ಮಾತುಗಳನ್ನು ಹಾಗೇ ಬರೆಯುತ್ತೇನೆ, ಏಕೆಂದರೆ ಕಲಿಯಬೇಕಾದ ವಿಷಯ ಆ ಮಾತಿನ ಕ್ರಮದಲ್ಲೇ ಇದೆ. "ಅಕ್ಕಾರ, ನಿಮ್ಮ ಸೀರಿ ಪುಣೆಗೆ ಬಂದು ಅಲ್ಲೇ ಎಲ್ಲೋ ಸಿಕ್ಕೊಂಡೈತ್ರಿ. ಅದು ಸಿಗೂತನಾ ನಿಮ್ಮನ್ನ ಕಾಯಸಂಗಿಲ್ಲ ನಾ. ಅದೇ ಹಸಿರು ನನ್ನ ಕಡೆ ಇನ್ನೊಂದು ಐತಿ, ದಡಿ ಮಾತ್ರ ಚಿಕ್ಕಿ ಪರಾಸ. ಫೋಟೋ ಹಾಕ್ತೇನಿ. ಬೇಕಂದ್ರ ಇವತ್ತ ರಾತ್ರಿ ಬಸ್ಸಿಗೆ ಹಾಕ್ತೇನಿ, ನಾಳೆ ಮುಂಜಾನೆ ನಿಮ್ಮ ಕೈಯಾಗ ಇರ್ತದ. ಬ್ಯಾಡ ಅಂದ್ರ ಪೂರಾ ರೊಕ್ಕ ಇವತ್ತ ತಿರುಗಿ ಹಾಕ್ತೇನ್ರಿ. ನೀವು ಹೆಂಗ ಹೇಳ್ತೀರಿ ಹಂಗ."

ಆ ಕಡೆಯ ತಾಯಿ ಮಗಳಿಗೆ ಫೋಟೋ ತೋರಿಸಿ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟರು. "ಸೀರೀನ ಕಳಸ್ರಿ."

ಆಯ್ಕೆ ಗಿರಾಕಿಯದ್ದು ಎಂಬುದು ಬರೀ ಸೌಜನ್ಯದ ಮಾತಲ್ಲ, ಕಾನೂನಿನ ಬೆಂಬಲವೂ ಅದಕ್ಕಿದೆ. ಕೇಂದ್ರ ಸರ್ಕಾರ 2020ರಲ್ಲಿ ತಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ಅವಧಿಗಿಂತ ತಡವಾಗಿ ತಲುಪಿದ ಸರಕನ್ನು ವಾಪಸು ತೆಗೆದುಕೊಳ್ಳಲು ಅಥವಾ ಹಣ ಹಿಂದಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣಕ್ಕೆ ಮಾತ್ರ ವಿನಾಯಿತಿ. ತಡವಾದದ್ದಕ್ಕೇ ಹೀಗಿದ್ದ ಮೇಲೆ, ಬಾರದೇ ಹೋದದ್ದಕ್ಕೆ "ಇನ್ನೊಂದು ಕಳಿಸ್ತೇನಿ, ರೊಕ್ಕ ಕೊಡಂಗಿಲ್ಲ" ಎಂದು ಹೇಳಲಿಕ್ಕೆ ಬಾಯಿ ಎಲ್ಲಿದೆ?

ಕೆಲವು ವ್ಯಾಪಾರಿಗಳು ಹಳೆಯ ಕಾನೂನನ್ನು ಹಿಡಿದು ವಾದಿಸುವುದನ್ನು ಕೇಳಿದ್ದೇನೆ. 1930ರ ಸರಕು ಮಾರಾಟ ಕಾಯ್ದೆಯಲ್ಲಿ, ಸಾಗಣೆದಾರನಿಗೆ ಸರಕು ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಂಡವನಿಗೇ ಒಪ್ಪಿಸಿದಂತೆ ಎಂಬ ಮಾತು ಇರುವುದು ನಿಜ. ಆದರೆ ಅದೇ ಕಲಮಿನ ಮುಂದಿನ ಭಾಗ, ಸರಕಿನ ಸ್ವರೂಪ ನೋಡಿ ಸಾಗಣೆದಾರನೊಂದಿಗೆ ತಕ್ಕ ಒಪ್ಪಂದ ಮಾಡಿಕೊಳ್ಳುವ ಹೊಣೆ ಮಾರಿದವನದು ಎನ್ನುತ್ತದೆ. 3,400 ರೂಪಾಯಿಯ ಸೀರೆಯನ್ನು ಬೆಲೆ ನಮೂದಿಸದೆ, ವಿಮೆ ಇಲ್ಲದೆ ಕಳಿಸಿ, ಕಳೆದ ಮೇಲೆ "ನನ್ನ ಜವಾಬ್ದಾರಿ ಮುಗೀತು" ಎಂದರೆ ಆ ಭಾಗ ನಮಗೇ ತಿರುಗುತ್ತದೆ. ಕೊರಿಯರನ್ನು ಆರಿಸಿದ್ದು ನಾವು, ಗಿರಾಕಿ ಅಲ್ಲ.

ಬಸ್ಸೇ ಏಕೆ ಎಂದು ಕೇಳಬಹುದು. ಮೊದಲ ಪಾರ್ಸೆಲ್ ಯಾವ ಹಬ್ಬಿನಲ್ಲಿ ಸಿಕ್ಕಿಬಿದ್ದಿದೆಯೋ ಎರಡನೆಯದನ್ನೂ ಅದೇ ಹಬ್ಬಿಗೆ ಕಳಿಸುವುದು ತಪ್ಪು. ಅಲ್ಲಿ ತೊಂದರೆ ಇರುವುದು ಗೊತ್ತಿದ್ದೂ ಮತ್ತೆ ಅಲ್ಲಿಗೇ ಹಾಕಿದರೆ, ಎರಡನೆಯದೂ ಹೋಯಿತೆಂದಾಗ ಮೇಲೆ ಹೇಳಿದ 770 ರೂಪಾಯಿಯ ಅನುಕೂಲ ಕ್ಷಣದಲ್ಲಿ ಮಾಯ. ವೈನಿ ಸೀರೆಯನ್ನು ಬಸ್ಸಿನ ಪಾರ್ಸೆಲ್ ಕೌಂಟರಿನಲ್ಲಿ ಕೊಟ್ಟು, ರಸೀದಿಯ ಫೋಟೋ ಮತ್ತು ಬಸ್ಸಿನ ನಂಬರು ಕಳಿಸಿದಳು. 11ರ ಬೆಳಿಗ್ಗೆ ಗಿರಾಕಿಯ ಅಳಿಯ ಹೋಗಿ ಬಿಡಿಸಿಕೊಂಡು ಬಂದ. ಕಳಿಸುವ ಮುಂಚೆ ವಿಳಾಸ, ಪಿನ್ ಕೋಡ್, ಫೋನ್ ನಂಬರು ಮೂರನ್ನೂ ಗಿರಾಕಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸಿಕೊಂಡಿದ್ದಳು. ಮೊದಲ ಸಲ ಗಿರಾಕಿಯೇ ತಪ್ಪು ಪಿನ್ ಕೊಟ್ಟಿದ್ದರೆ ಮರುಸಾಗಣೆಯ ಖರ್ಚನ್ನು ಅವರಿಂದ ಕೇಳುವುದರಲ್ಲಿ ತಪ್ಪಿಲ್ಲ. ಈ ಸಲ ಹಾಗಿರಲಿಲ್ಲ.

ಅದೇ ಫೋನಿನಲ್ಲಿ ವೈನಿ ಇನ್ನೊಂದು ಮಾತೂ ಹೇಳಿ, ವಾಟ್ಸಾಪಿನಲ್ಲಿ ಬರೆದೂ ಹಾಕಿದಳು: "ಮೊದಲಿನ ಪಾರ್ಸೆಲ್ ಮುಂದ ಬಂತಂದ್ರ ತಗೋಬ್ಯಾಡ್ರಿ, ವಾಪಸ್ ಕಳಸ್ರಿ." ಕಳೆದದ್ದು ಎಂದುಕೊಂಡ ಪಾರ್ಸೆಲ್ ಎಷ್ಟೋ ಸಲ ಮರಳಿ ಬರುತ್ತದೆ. ಆಗ ಸೀರೆ ಎರಡೂ ಅವರ ಮನೆಯಲ್ಲಿ ಕೂತರೆ ಕೇಳುವುದು ಮುಜುಗರ. ರೊಕ್ಕ ಕೊಟ್ಟಾದ ಮೇಲೆ ಬಂದರೆ ಇನ್ನೂ ಕಷ್ಟ; ರೊಕ್ಕವೂ ಅವರದ್ದು, ಸೀರೆಯೂ ಅವರದ್ದು. ಮೊದಲೇ ಒಂದು ಸಾಲು ಬರೆದಿಟ್ಟರೆ ಒಳ್ಳೆಯವರಿಗೆ ಏನು ಮಾಡಬೇಕೆಂಬುದು ತಿಳಿದಿರುತ್ತದೆ. ನಮ್ಮ ಗಿರಾಕಿಗಳಲ್ಲಿ ಬಹುಪಾಲು ಒಳ್ಳೆಯವರೇ.

ಎಲ್ಲ ಸಲವೂ ಇನ್ನೊಂದು ಕಳಿಸುವುದೇ ಸರಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ಹಿಂದಿನ ವರ್ಷ ಕಲಬುರಗಿಗೆ ಹೊರಟ ಒಂದು ಕಸೂತಿ ಸೀರೆ ಕಳೆದಿತ್ತು. ಧಾರವಾಡದ ಒಬ್ಬ ತಾಯಿ ತಿಂಗಳುಗಟ್ಟಲೆ ಕೂತು ಗೋಪುರ, ತೇರು, ಆನೆ ಎಳೆದಿದ್ದ ಸೀರೆ, ಬೆಲೆ 6,800. ಅಂಥದು ಇನ್ನೊಂದು ಇರಲೇ ಇಲ್ಲ. ಆದರೆ ಅಷ್ಟು ದೊಡ್ಡ ಮೊತ್ತ ಕೊಡಲು ಮನಸ್ಸು ಬಾರದೆ, ಇವತ್ತು ಸಿಗುತ್ತದೆ ನಾಳೆ ಸಿಗುತ್ತದೆ ಎಂದು ನಾವು ಹದಿನೆಂಟು ದಿನ ದೂಡಿದೆವು. ನಡುವೆ "ಇದರಂಥದೇ ಬೇರೆ ಕಳಿಸಲೇನ್ರಿ" ಎಂದೂ ಕೇಳಿದೆವು. ಗಿರಾಕಿ ಇಷ್ಟಪಟ್ಟದ್ದು ಆ ಒಂದನ್ನು. ಬೇರೆಯದು ಅವರಿಗೆ ಏಕೆ ಬೇಕು? ಕೊನೆಗೆ ರೊಕ್ಕ ಕೊಟ್ಟೆವು. ಹದಿನೆಂಟನೆಯ ದಿನ ಕೊಟ್ಟ ರೊಕ್ಕಕ್ಕೆ ಮೂರನೆಯ ದಿನ ಕೊಟ್ಟ ರೊಕ್ಕದ ಬೆಲೆ ಇರುವುದಿಲ್ಲ. ಅವರು ಮತ್ತೆ ನಮ್ಮಲ್ಲಿ ಕೊಳ್ಳಲಿಲ್ಲ. ಒಂದೇ ಇರುವ ವಸ್ತು, ಕಾರ್ಯ ಮುಗಿದ ಮೇಲೆ ಬೇಡವಾಗುವ ವಸ್ತು, ಕಾದು ಕಾದು ಬೇಸತ್ತ ಗಿರಾಕಿ, ಇಲ್ಲೆಲ್ಲ ರೊಕ್ಕವೇ ಸರಿ, ಅದೂ ತಡಮಾಡದೆ, ಕಳಿಸುವ ಖರ್ಚನ್ನೂ ಸೇರಿಸಿ.

ರೊಕ್ಕ ಕೊಡುವಾಗ ಒಂದು ಎಚ್ಚರ ಬೇಕು. ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ, ಅದೇ ಯುಪಿಐ ಐಡಿಗೆ ಹಾಕಬೇಕು. "ಈ ಕ್ಯೂಆರ್‌ಗೆ ಹಾಕ್ರಿ", "ನಮ್ಮ ತಮ್ಮನ ನಂಬರಿಗೆ ಹಾಕ್ರಿ" ಎಂದು ಹೊಸ ನಂಬರಿನಿಂದ ಸಂದೇಶ ಬಂದರೆ ಮೊದಲ ನಂಬರಿಗೆ ಫೋನ್ ಮಾಡಿ ಕೇಳಿಯೇ ಮುಂದುವರಿಯಬೇಕು. ಹಾಕಿದ ಮೇಲೆ ಯುಟಿಆರ್ ಸಂಖ್ಯೆಯನ್ನು ಕಳಿಸಿದರೆ ಮುಂದೆ ಮಾತಿಗೆ ಎಡೆಯಿರುವುದಿಲ್ಲ. ಪೇಮೆಂಟ್ ಗೇಟ್‌ವೇ ಮೂಲಕ ದುಡ್ಡು ತೆಗೆದುಕೊಂಡವರು ಅಲ್ಲಿಂದಲೇ ತಿರುಗಿಸಬೇಕು; ಅದು ಗಿರಾಕಿಯ ಖಾತೆಗೆ ಸೇರಲು ಕೆಲವು ದಿನ ಹಿಡಿಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿಗೆ ಕ್ರೆಡಿಟ್ ನೋಟ್ ಮಾಡಬೇಕಾಗುತ್ತದೆ. ಕಳೆದುಹೋದ ಸರಕಿನ ಮೇಲೆ ತೆಗೆದುಕೊಂಡ ಇನ್‌ಪುಟ್ ತೆರಿಗೆಯನ್ನು ಅವರು ಬಿಟ್ಟುಕೊಡಬೇಕು, ಇನ್ನೊಂದು ಸೀರೆ ಕಳಿಸಿರಲಿ, ರೊಕ್ಕ ಕೊಟ್ಟಿರಲಿ.

ಇಷ್ಟೆಲ್ಲ ಗಿರಾಕಿಯ ಕಡೆಯ ಲೆಕ್ಕ. ಕೊರಿಯರಿನ ಕಡೆಯದು ಬೇರೆಯೇ ಲೆಕ್ಕ. ಇವೆರಡನ್ನೂ ಬೆರೆಸುವುದೇ ಸಣ್ಣ ವ್ಯಾಪಾರಿಗಳು ಮಾಡುವ ದೊಡ್ಡ ತಪ್ಪು ಎಂದು ನನಗೆ ಈಗ ಖಚಿತವಾಗಿದೆ. "ಕೊರಿಯರಿನವರು ಪರಿಹಾರ ಕೊಟ್ಟ ಮೇಲೆ ನಿಮಗ ಕೊಡ್ತೇನಿ" ಎನ್ನುವವರನ್ನು ನೋಡಿದ್ದೇನೆ. ಆ ಪರಿಹಾರ ಎಷ್ಟು ಗೊತ್ತೇ? ನಮ್ಮ ರಸೀದಿಯ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬೆಲೆ ನಮೂದಿಸದ ಪಾರ್ಸೆಲ್ ಕಳೆದರೆ ನೂರು ರೂಪಾಯಿ ಎಂದು ಅಚ್ಚಾಗಿತ್ತು. ಇಂಥ ಷರತ್ತು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆ 1996ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಜರ್ಮನಿಗೆ ಕಳಿಸಿದ್ದ ದಾಖಲೆಗಳು ತಲುಪದೆ ಒಬ್ಬ ರಫ್ತುದಾರರಿಗೆ ಸಾವಿರಾರು ಡಾಲರ್ ನಷ್ಟವಾಗಿತ್ತು. ಸಹಿ ಮಾಡಿದ ರಸೀದಿಯಲ್ಲಿ ಹೊಣೆ 100 ಡಾಲರಿಗೆ ಸೀಮಿತ ಎಂದಿದ್ದ ಕಾರಣ ಅವರಿಗೆ ಸಿಕ್ಕದ್ದು ಅಷ್ಟೇ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟಿನಲ್ಲೂ ವಿಮೆ ಮಾಡಿಸದ ಪಾರ್ಸೆಲ್ ಕಳೆದರೆ ಸಿಗುವುದು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸೀರೆಯ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಇಂಥ ಹಣಕ್ಕಾಗಿ ಗಿರಾಕಿಯನ್ನು ತಿಂಗಳು ಕಾಯಿಸುವುದು ಯಾವ ನ್ಯಾಯ?

ಹಾಗಂತ ದೂರು ಕೊಡದೆ ಬಿಡಬಾರದು. 10ಕ್ಕೇ ನಾವು ಕೊರಿಯರಿಗೆ ಈಮೇಲ್ ಬರೆದೆವು: ರಸೀದಿ ನಂಬರು, ಬಿಲ್ಲು, ಕೊನೆಯ ಸ್ಕ್ಯಾನಿನ ಚಿತ್ರ, ಪಾರ್ಸೆಲ್ಲಿನ ಫೋಟೋ, ಒಳಗಿರುವ ವಸ್ತುವಿನ ವಿವರ. ಕೊನೆಯದೇ ಮುಖ್ಯ. ಲೇಬಲ್ ಹೋದ ಪಾರ್ಸೆಲ್ಲುಗಳನ್ನು ಹಬ್ಬಿನಲ್ಲಿ ಒಂದು ಮೂಲೆಯಲ್ಲಿ ಕೂಡಿಹಾಕಿ, ಆಮೇಲೆ ಬಿಚ್ಚಿ ನೋಡುತ್ತಾರೆ. "ಬಟ್ಟೆ" ಎಂದು ಬರೆದರೆ ಅಲ್ಲಿ ನೂರು ಬಟ್ಟೆ ಇರುತ್ತವೆ. "ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಜೊತೆಗೆ ಮಡಿಚಿದ ಕಣ, ಬಿಳಿ ಡಬ್ಬಿ" ಎಂದು ಬರೆದರೆ ಹುಡುಕುವವರಿಗೆ ಕಣ್ಣು ಬರುತ್ತದೆ. ಅದಕ್ಕಿಂತ ದೊಡ್ಡ ಉಪಾಯ ವೈನಿಯದು. ಕಸೂತಿ ಸೀರೆ ಕಳೆದಂದಿನಿಂದ ಅವಳು ಪ್ರತಿ ಡಬ್ಬಿಯ ಒಳಗೂ, ಸೀರೆಯ ಮೇಲೆ, ಒಂದು ಚೀಟಿ ಇಡುತ್ತಾಳೆ. ಅದರಲ್ಲಿ ಕಳಿಸಿದವರ ಮತ್ತು ತಲುಪಬೇಕಾದವರ ವಿಳಾಸ, ಎರಡು ಫೋನ್ ನಂಬರು.

ಆ ಚೀಟಿಯೇ ಕೆಲಸ ಮಾಡಿತು. ಏಪ್ರಿಲ್ 5ರಂದು, ಕಳಿಸಿ ಒಂದು ತಿಂಗಳ ಮೇಲೆ, ಕೊರಿಯರ್ ಹುಡುಗ ಬಾಗಿಲಿಗೆ ಬಂದ. ಡಬ್ಬಿಯ ಒಂದು ಮೂಲೆ ನಜ್ಜುಗುಜ್ಜಾಗಿತ್ತು. ಮೇಲಿನ ಲೇಬಲ್ ಅರ್ಧ ಹರಿದು, ನಮ್ಮ ಹೆಸರಿನ ಎರಡು ಅಕ್ಷರ ಮಾತ್ರ ಉಳಿದಿತ್ತು. ಅದರ ಮೇಲೆ ಬೇರೆ ಟೇಪು, ಒಳಗಿನ ಚೀಟಿ ನೋಡಿ ಯಾರೋ ಕೈಯಲ್ಲಿ ಬರೆದ ವಿಳಾಸ. ವಾಪಸು ತಂದದ್ದಕ್ಕೆ 120 ರೂಪಾಯಿ ಕೇಳಿದ, ಕೊಟ್ಟೆವು. ಸೀರೆಗೆ ಏನೂ ಆಗಿರಲಿಲ್ಲ. ಇಸ್ತ್ರಿ ಮಾಡಿದರೆ ಸಾಕಿತ್ತು.

ಅಂದು ರಾತ್ರಿ ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಬರೆದಿದ್ದ 1,830ರಿಂದ ಸೀರೆಯ 2,450 ಕಳೆದು, 120 ಕೂಡಿಸಿದೆ. ಕುಬಸದ ಸೀರೆಯ ವ್ಯವಹಾರ 500 ರೂಪಾಯಿ ಲಾಭದಲ್ಲಿ ಮುಗಿದಿತ್ತು. ಅಂದು ರೊಕ್ಕ ಕೊಟ್ಟು ಕೈತೊಳೆದುಕೊಂಡಿದ್ದರೆ, ಸೀರೆ ಮರಳಿ ಬಂದ ಮೇಲೂ 270 ರೂಪಾಯಿ ನಷ್ಟವೇ ಉಳಿಯುತ್ತಿತ್ತು. ಆ ಹಸಿರು ಸೀರೆಯನ್ನು ವೈನಿ ಎರಡು ವಾರದ ನಂತರ ಮಾರಿದಳು. ಕೊಂಡದ್ದು ಪುಣೆಯ ಅದೇ ಮನೆಯವರು, ಸೊಸೆಯ ಕುಬಸಕ್ಕೆ.